ಒಂದು ಕ್ವಿಂಟಲ್ ಬೇಳೆ ಚುನ್ನಿಗೆ ಬಿದ್ದರೆ: ದಾಲ್‌ ಮಿಲ್ ಸೂಪರ್‌ವೈಸರ್‌ಗಳ ಮುಂದೆ ಆಡಿದ ಮಾತು

ಎಲ್ಲರಿಗೂ ಶರಣು.

ಕಪನೂರಿನ ಈ ಮಿಲ್ಲಿನಲ್ಲಿ ಕ್ಲೀನಿಂಗ್, ರೋಲರ್, ಅಂಗಳ, ಪ್ಯಾಕಿಂಗ್ ನೋಡುವ ಎಲ್ಲಾ ಶಿಫ್ಟಿನವರೂ ಇವತ್ತು ಒಟ್ಟಿಗೆ ಕೂತಿದ್ದೀರಿ. ಅಕೌಂಟ್ಸ್ ಕಡೆಯಿಂದ ಒಂದೇ ಲೆಕ್ಕ ತಂದಿದ್ದೇನೆ. ಪೆನ್ನು ಹಿಡೀರಿ, ನನ್ನ ಜೊತೆ ನೀವೂ ಕೂಡಿಸಿ, ಕಳೀರಿ.

ದಿನಕ್ಕೆ 100 ಕ್ವಿಂಟಲ್ ತೊಗರಿ ಹಾಕುತ್ತೇವೆ ಅನ್ನೋಣ. ದರ ದಿನಾ ಬದಲಾಗುತ್ತದೆ, ಲೆಕ್ಕಕ್ಕೆ ಕ್ವಿಂಟಲಿಗೆ 7,500 ಹಿಡಿಯೋಣ. ಕಾಳಿನ ಖರ್ಚು 7,50,000. ಕರೆಂಟಿನ ಯೂನಿಟ್, ಎಣ್ಣೆ, ಹಮಾಲಿ, ಚೀಲ ಸೇರಿ 25,000. ಒಟ್ಟು 7,75,000. ಬೇಳೆ 74 ಕ್ವಿಂಟಲ್ ಬಂತು. ಹೊಟ್ಟು, ಚುನ್ನಿ, ನುಚ್ಚು ಸೇರಿ 22 ಕ್ವಿಂಟಲ್, ಸರಾಸರಿ 2,000ದಂತೆ 44,000 ರೂಪಾಯಿ. ಉಳಿದ 4 ಕ್ವಿಂಟಲ್ ತೇವ ಮತ್ತು ಧೂಳು. 7,75,000ದಲ್ಲಿ 44,000 ಕಳೆದು 74ರಿಂದ ಭಾಗಿಸಿದರೆ ಒಂದು ಕ್ವಿಂಟಲ್ ಬೇಳೆಗೆ ಬಿದ್ದ ಖರ್ಚು 9,878. ಮಾರಿದ್ದು 10,300ಕ್ಕೆ. ಹೀಗೆ ಮಾರಿದ ಹಣದಲ್ಲಿ ಮಾಲಿನ ಜೊತೆ ಏರಿಳಿಯುವ ಖರ್ಚು ಹೋಗಿ ಕೈಯಲ್ಲಿ ಉಳಿಯುವುದೇ ಕಾಂಟ್ರಿಬ್ಯೂಷನ್. ದಿನಕ್ಕೆ 31,200 ಆಯಿತು. ಬ್ಯಾಂಕಿನ ಬಡ್ಡಿ, ನಿಮ್ಮ ನನ್ನ ಪಗಾರ, ಬಾಡಿಗೆ, ಎಲ್ಲವೂ ಇದರೊಳಗಿಂದಲೇ ಹೋಗಬೇಕು. ಅವು ದಿನಕ್ಕೆ 22,000 ಅಂದರೆ ಲಾಭ 9,200.

ಈಗ 74ರ ಬದಲು 73 ಬರಲಿ. ಒಂದೇ ಒಂದು ಕ್ವಿಂಟಲ್ ಬೇಳೆ ನುಚ್ಚಾಗಿ, ಪುಡಿಯಾಗಿ ಚುನ್ನಿ ಕಡೆ ಹೋಯಿತು. ಕಾಳಿನ ಬಿಲ್ಲು ಕಡಿಮೆ ಆಗುವುದಿಲ್ಲ, ಕರೆಂಟು, ಹಮಾಲಿಯೂ ಅಷ್ಟೇ. ಅದೇ ಖರ್ಚನ್ನು 73 ಕ್ವಿಂಟಲ್ ಹೊರಬೇಕು. ಚುನ್ನಿಯಿಂದ 2,000 ಹೆಚ್ಚಿಗೆ ಬಂದರೂ ಕ್ವಿಂಟಲಿನ ಖರ್ಚು 9,986ಕ್ಕೆ ಏರಿತು. ಕಿಲೋಗೆ ಬರೀ ರೂಪಾಯಿ ಚಿಲ್ಲರೆ, ಅದಕ್ಕೇ ಯಾರ ಕಣ್ಣಿಗೂ ಬೀಳುವುದಿಲ್ಲ. ಕಾಂಟ್ರಿಬ್ಯೂಷನ್ ನೋಡ್ರಿ: 31,200 ಇದ್ದದ್ದು 22,900. ನೂರಕ್ಕೆ ಒಂದು ಪಾಲು ಕಾಳು ಕೆಟ್ಟಿತು, ಕಾಂಟ್ರಿಬ್ಯೂಷನ್ನಿನ ಕಾಲು ಭಾಗಕ್ಕಿಂತ ಹೆಚ್ಚು ಹೋಯಿತು. ಬಡ್ಡಿ, ಪಗಾರ ಕೊಟ್ಟ ಮೇಲೆ ಲಾಭ 900.

‘ಇನ್ನಷ್ಟು ಕಾಳು ಹಾಕಿ ತುಂಬಿಕೊಂಡರಾಯಿತು’ ಅಂತ ಕೆಲವರಿಗೆ ಅನಿಸುತ್ತದೆ. ಕಳೆದುಕೊಂಡ 8,300 ಮರಳಿ ಬರಬೇಕಾದರೆ ಇದೇ ಇಳುವರಿಯಲ್ಲಿ ಸುಮಾರು 36 ಕ್ವಿಂಟಲ್ ತೊಗರಿ ಹೆಚ್ಚಿಗೆ ಒಡೆಯಬೇಕು. ದಿನದ ಮೂರನೇ ಒಂದು ಪಾಲಿಗಿಂತ ಹೆಚ್ಚಿನ ಕೆಲಸ, ಬರೀ ಹಳ್ಳ ಮುಚ್ಚುವುದಕ್ಕೆ.

ಆ ಒಂದು ಕ್ವಿಂಟಲ್ ಎಲ್ಲಿ ಹೋಗುತ್ತದೆ? ಹೆಚ್ಚಿನದು ರೋಲರಿನಲ್ಲಿ. ದಪ್ಪ ಕಾಳು, ಸಣ್ಣ ಕಾಳು ಬೇರೆ ಮಾಡದೆ ಒಟ್ಟಿಗೆ ಬಿಟ್ಟಾಗ ಎಮರಿ ರೋಲರಿಗೂ ಜಾಲಿಗೂ ನಡುವಿನ ಸಂದು ಯಾವುದಕ್ಕೂ ಸರಿ ಹೊಂದುವುದಿಲ್ಲ. ಸಣ್ಣದಕ್ಕೆ ಬಿಗಿ ಮಾಡಿದರೆ ದಪ್ಪ ಕಾಳಿನ ಮೈ ಉಜ್ಜಿ ಪುಡಿಯಾಗುತ್ತದೆ. ದಪ್ಪದಕ್ಕೆ ಸಡಿಲ ಬಿಟ್ಟರೆ ಸಣ್ಣದು ಸಿಪ್ಪೆ ಸಮೇತ ಹೊರಗೆ ಬಂದು ಮತ್ತೆ ರೋಲರಿಗೆ ಹೋಗಬೇಕಾಗುತ್ತದೆ, ಪ್ರತಿ ಸಲ ಹೋದಾಗಲೂ ಪುಡಿ ಕೊಟ್ಟೇ ಬರುತ್ತದೆ. ಗ್ರೇಡರಿನ ಜಾಲಿ ತೂತು ಮುಚ್ಚಿದೆಯೇ, ಹರಿದಿದೆಯೇ ಎಂದು ಶಿಫ್ಟ್ ಶುರುವಾಗುವ ಮೊದಲೇ ಕೈ ಆಡಿಸಿ ನೋಡ್ರಿ.

ಎರಡನೆಯದು ಅಂಗಳ. ನಮ್ಮ ಊರಿನ ಏಪ್ರಿಲ್, ಮೇ ಬಿಸಿಲಿಗೆ ಕಾಳು ಎರಡು ತಾಸು ಹೆಚ್ಚು ಬಿದ್ದಿದ್ದರೂ ಗಾಜಿನ ಹಾಗೆ ಒಡೆಯುತ್ತದೆ. ತೇವ ಉಳಿದರೆ ಸಿಪ್ಪೆ ಬಿಡುವುದಿಲ್ಲ. ರೋಲರಿಗೆ ಹೋಗುವಾಗ ತೇವ 9ರಿಂದ 10 ಪರ್ಸೆಂಟ್ ಇರಲಿ. ಹಲ್ಲಿನಲ್ಲಿ ಕಡಿದು ಹೇಳುವವರ ಅನುಭವಕ್ಕೆ ಗೌರವ ಇದೆ, ಆದರೆ ಬರೆಯುವ ಅಂಕಿ ಮೀಟರಿನದೇ ಆಗಬೇಕು. ರಾಶಿಯ ಮೇಲೆ, ನಡುವೆ, ಬುಡದಲ್ಲಿ, ಮೂರು ಕಡೆ ತೆಗೀರಿ.

ಮೂರನೆಯದು ಸಂಜೆಯ ಅವಸರ. ಟಾರ್ಗೆಟ್ ಮುಟ್ಟಿಸಲು ಕೊನೆಯ ಒಂದು ತಾಸು ಹಾಪರಿನ ಗೇಟು ಪೂರ್ತಿ ಎತ್ತುತ್ತಾರೆ. ಮೋಟಾರಿನ ಆಂಪಿಯರ್ ಏರಿದ್ದು ಪ್ಯಾನೆಲ್ಲಿನಲ್ಲೇ ಕಾಣುತ್ತದೆ. ಸಿಪ್ಪೆ ಬಿಡದ ಕಾಳು ರಾಶಿ ಬೀಳುತ್ತದೆ, ರಾತ್ರಿ ಶಿಫ್ಟಿನವರು ಅದನ್ನೇ ಮತ್ತೆ ಹಾಕಿ ಪುಡಿ ಮಾಡುತ್ತಾರೆ. ಟನ್ನು ಒಬ್ಬರ ಹೆಸರಿಗೆ, ನಷ್ಟ ಇನ್ನೊಬ್ಬರ ಹೆಸರಿಗೆ. ಇದು ಅನ್ಯಾಯ, ಇನ್ನು ಮುಂದೆ ಮರುಹಾಕಿದ ಮಾಲು ಅದು ಹುಟ್ಟಿದ ಶಿಫ್ಟಿನ ಲೆಕ್ಕದಲ್ಲೇ ಬರೆಯಬೇಕು.

ಎಲಿವೇಟರಿನ ಬುಡದಲ್ಲಿ ಒಮ್ಮೆ ಕೂತು ನೋಡ್ರಿ. ಬೆಲ್ಟ್ ಸಡಿಲಾದಾಗ ಬಕೆಟ್ಟಿನ ಕಾಳು ಮೇಲೆ ಹೋಗಿ ಅರ್ಧ ವಾಪಸು ಬೀಳುತ್ತದೆ, ಬುಡದಲ್ಲಿ ಮತ್ತೆ ಬಕೆಟ್ಟಿನ ಏಟು ತಿನ್ನುತ್ತದೆ. ತಗಡಿನ ಜೋಡಣೆಯಿಂದ ಹನಿ ಹನಿಯಾಗಿ ಸೋರುವುದು ನಿಮಿಷಕ್ಕೆ ಒಂದು ಹಿಡಿ, 30 ಗ್ರಾಂ ಅಂದರೂ ಹತ್ತು ತಾಸಿಗೆ 18 ಕಿಲೋ. ಕಸಬರಿಗೆಯಲ್ಲಿ ಗುಡಿಸಿ ಚುನ್ನಿಗೆ ಸೇರಿಸಿದರೆ ಕಿಲೋಗೆ 103ರ ಬೇಳೆ 20ಕ್ಕೆ ಹೋಯಿತು. 1,494 ರೂಪಾಯಿ, ಒಂದು ರಬ್ಬರ್ ಪಟ್ಟಿಯ ಸಲುವಾಗಿ.

ಆಸ್ಪಿರೇಟರಿನ ಗಾಳಿ ಜೋರಿದ್ದರೆ ಹೊಟ್ಟಿನ ಜೊತೆ ಬೇಳೆಯೂ ಹಾರುತ್ತದೆ. ಎರಡು ತಾಸಿಗೊಮ್ಮೆ ಹೊಟ್ಟು-ಚುನ್ನಿ ಬೀಳುವ ಜಾಗದಿಂದ 1 ಕಿಲೋ ತೆಗೆದು ಜರಡಿ ಹಿಡೀರಿ. ಅದರಲ್ಲಿ 40 ಗ್ರಾಂ ಒಳ್ಳೆಯ ಬೇಳೆ ಸಿಕ್ಕರೆ, 22 ಕ್ವಿಂಟಲಿಗೆ 88 ಕಿಲೋ. ನಾವು ಹುಡುಕುತ್ತಿರುವ ಒಂದು ಕ್ವಿಂಟಲ್ ಹೆಚ್ಚು ಕಡಿಮೆ ಅಲ್ಲೇ ಸಿಕ್ಕಿತು. ಡ್ಯಾಂಪರ್ ಸ್ವಲ್ಪ ಮುಚ್ಚಿ, ಹದಿನೈದು ನಿಮಿಷ ಬಿಟ್ಟು ಮತ್ತೆ ಜರಡಿ ಹಿಡೀರಿ.

ಪ್ಯಾಕಿಂಗ್ ಕಡೆಯವರಿಗೆ ಒಂದು ಮಾತು. 30 ಕಿಲೋ ಚೀಲಕ್ಕೆ ‘ಇರಲಿ’ ಅಂತ 100 ಗ್ರಾಂ ಹೆಚ್ಚು ಬಿಟ್ಟರೆ ದಿನದ 246 ಚೀಲಕ್ಕೆ 24.6 ಕಿಲೋ, ಸುಮಾರು 2,500 ರೂಪಾಯಿ. ಕಡಿಮೆ ಹಾಕುವುದು ಗ್ರಾಹಕರಿಗೆ ಮೋಸ, ಕಾನೂನಿಗೂ ವಿರುದ್ಧ. ಅದಕ್ಕೆ ದಾರಿ ಒಂದೇ: ಬೆಳಿಗ್ಗೆ ತಕ್ಕಡಿಯನ್ನು ತೂಕದ ಕಲ್ಲಿಟ್ಟು ಪರೀಕ್ಷಿಸಿ, ಖಾಲಿ ಚೀಲದ ತೂಕ ಕಳೆದು, ತಾಸಿಗೆ ಐದು ಚೀಲ ಮತ್ತೆ ತೂಗಿ ಬರೆಯುವುದು.

ಎಲ್ಲ ನಷ್ಟವೂ ನಿಮ್ಮ ತಪ್ಪಲ್ಲ, ಇದನ್ನು ಸ್ಪಷ್ಟವಾಗಿ ಹೇಳಬೇಕು. 12 ಪರ್ಸೆಂಟ್ ತೇವದ 100 ಕ್ವಿಂಟಲ್ ಕಾಳು 10ಕ್ಕೆ ಒಣಗಿದರೆ 97.78 ಕ್ವಿಂಟಲ್ ಆಗುತ್ತದೆ. ಆ ಎರಡು ಕ್ವಿಂಟಲ್ ಚಿಲ್ಲರೆ ನೀರು, ಖರೀದಿಯಲ್ಲೇ ದುಡ್ಡು ಕೊಟ್ಟಾಗಿದೆ. ಲಾರಿ ಇಳಿಯುವಾಗಲೇ ತೇವ ಬರೆಯದಿದ್ದರೆ ಆ ನಷ್ಟ ರೋಲರ್ ನೋಡುವವರ ತಲೆಗೆ ಬರುತ್ತದೆ. ತೇವ, ಧೂಳು, ಕಲ್ಲು ಸಹಜ ನಷ್ಟ, ಅದನ್ನು ಬೇಳೆಯ ಖರ್ಚಿನಲ್ಲೇ ಸೇರಿಸುತ್ತೇವೆ. ಅದರ ಮೇಲಿನದಕ್ಕೆ ಕಾರಣ ಬೇಕು. ಕಾರಣ ಕೇಳುವುದು ದಂಡ ಹಾಕುವುದಕ್ಕಲ್ಲ. ದಂಡ ಅಂದ ಕೂಡಲೇ ಅಂಕಿ ಸುಳ್ಳಾಗುತ್ತದೆ, ಸುಳ್ಳು ಅಂಕಿಯಿಂದ ಯಾವ ರೋಲರೂ ರಿಪೇರಿ ಆಗುವುದಿಲ್ಲ.

ಸೋಮವಾರ ಮೊದಲ ಶಿಫ್ಟಿನಿಂದ ಪ್ರತಿ ಲಾಟಿಗೆ ಒಂದು ಚೀಟಿ. ಒಳಗೆ ಬಂದ ತೂಕ, ಬಂದಾಗಿನ ತೇವ, ರೋಲರಿಗೆ ಹೋಗುವಾಗಿನ ತೇವ, ಬೇಳೆ, ನುಚ್ಚು, ಚುನ್ನಿ, ಹೊಟ್ಟು, ಎಲ್ಲ ಬೇರೆ ಬೇರೆ ತೂಗಿ. ಗುಡಿಸಿದ ಮಾಲು ಒಂದೇ ಚೀಲಕ್ಕೆ ಸುರಿಯಬೇಡಿ, ಮಷೀನಿಗೊಂದು ಚೀಲ, ಮೇಲೆ ಮಷೀನಿನ ಹೆಸರು. ಸೋರಿಕೆ ಎಲ್ಲಿದೆ ಎಂದು ಆ ಚೀಲಗಳೇ ತೋರಿಸುತ್ತವೆ. ಬೇಳೆ 74ಕ್ಕಿಂತ ಅರ್ಧ ಕ್ವಿಂಟಲ್ ಇಳಿದರೂ ಲಾಟ್ ಮುಗಿಯುವ ತನಕ ಕಾಯದೆ ರೋಲರ್ ನಿಲ್ಲಿಸಿ, ಸಂದು ಮತ್ತು ತೇವ ನೋಡಿ. ಹಾಗೆ ನಿಲ್ಲಿಸಿದ ಹೊತ್ತನ್ನು ನಿಮ್ಮ ಟಾರ್ಗೆಟ್ಟಿನಲ್ಲಿ ಕಳೆಯುವುದಿಲ್ಲ, ಇದನ್ನು ಮ್ಯಾನೇಜರ್ ಸಾಹೇಬರು ಒಪ್ಪಿದ್ದಾರೆ. ಚೀಟಿಯ ಕಟ್ಟು ಸ್ಟೋರಿನಲ್ಲಿದೆ, ಹೋಗುವಾಗ ಒಬ್ಬೊಬ್ಬರೂ ಒಂದೊಂದು ತಗೊಂಡು ಹೋಗ್ರಿ.