ಸುತ್ತೋಲೆ: ಡಿಸೆಂಬರ್ 1ರಿಂದ ಹೊಸ ಹಾಜರಿ ಪದ್ಧತಿ

ಸಂಖ್ಯೆ: ಸಿಬ್ಬಂದಿ/07/2025-26
ದಿನಾಂಕ: 24-11-2025, ತೀರ್ಥಹಳ್ಳಿ

ಸಂಘದ ಕಚೇರಿ ಮತ್ತು ಗೋದಾಮಿನ ಎಲ್ಲ ಸಿಬ್ಬಂದಿಗೆ,

ಡಿಸೆಂಬರ್ 1, ಸೋಮವಾರದಿಂದ ಹಾಜರಿ ಪುಸ್ತಕಕ್ಕೆ ಸಹಿ ಹಾಕುವುದು ನಿಲ್ಲುತ್ತದೆ. ನೋಟಿಸ್ ಬೋರ್ಡಿನ ಪಕ್ಕ ಮುಖ ಗುರುತಿಸುವ ಯಂತ್ರ ಕೂರಿಸಿದ್ದೇವೆ. ಬರುವಾಗ ಒಮ್ಮೆ, ಹೋಗುವಾಗ ಒಮ್ಮೆ ಅದರ ಮುಂದೆ ನಿಂತರೆ ಸಾಕು. ಮಂಕಿ ಕ್ಯಾಪ್, ಹೆಲ್ಮೆಟ್ ತೆಗೆದು ನಿಲ್ಲಿ.

ಬೆರಳಚ್ಚಿನ ಯಂತ್ರವೇ ಸಾಕಿತ್ತಲ್ಲ ಅಂತ ಕೆಲವರು ಕೇಳಿದಿರಿ. ಕಳೆದ ಸುಗ್ಗಿಯಲ್ಲಿ ಅದನ್ನು ಗೋದಾಮಿನಲ್ಲಿ ಇಟ್ಟು ನೋಡಿದ್ದು ನೆನಪಿದೆ ಅಲ್ವಾ? ರಾತ್ರಿ ಮನೆಯಲ್ಲಿ ಅಡಿಕೆ ಸುಲಿದು ಬಂದವರ ಹೆಬ್ಬೆರಳು ಚೊಗರು ಹಿಡಿದು ಕಪ್ಪಾಗಿರುತ್ತಿತ್ತು. ಸೆರಗಿಗೆ ಒರೆಸಿ, ಬಾಯಲ್ಲಿ ಊದಿ, ಏಳೆಂಟು ಸಲ ಒತ್ತಿದರೂ ಯಂತ್ರ ಒಪ್ಪುತ್ತಿರಲಿಲ್ಲ. 9:50ಕ್ಕೆ ಬಂದವರ ಹೆಸರಿನ ಮುಂದೆ 10:20 ಬೀಳುತ್ತಿತ್ತು. ಅದರಿಂದ ಕೆಲವರ ಅರ್ಧ ದಿನದ ರಜೆಯೂ ಹೋಯಿತು. ತಪ್ಪು ನಿಮ್ಮದಲ್ಲ, ಕಚೇರಿಯದ್ದು. ಆ ರಜೆಗಳನ್ನೆಲ್ಲ ವಾಪಸ್ ನಿಮ್ಮ ಲೆಕ್ಕಕ್ಕೆ ಸೇರಿಸಿದ್ದೇವೆ. ಬಿಟ್ಟುಹೋಗಿದ್ದರೆ ಸಿಬ್ಬಂದಿ ಗುಮಾಸ್ತರಿಗೆ ಹೇಳಿ.

ಕೆಲಸದ ಹೊತ್ತು ಬದಲಾಗಿಲ್ಲ. ಬೆಳಿಗ್ಗೆ 10ರಿಂದ ಸಂಜೆ 5:30. 10:10ರವರೆಗೆ ಬಂದರೆ ತಡ ಅಂತ ಲೆಕ್ಕವಿಲ್ಲ. ಅದಾದ ಮೇಲೆ ತಿಂಗಳಲ್ಲಿ ಮೂರು ಸಲ ಮಾಫಿ. ನಾಲ್ಕನೆಯ ಸಲದಿಂದ ಪ್ರತಿ ಸಲಕ್ಕೂ ಅರ್ಧ ಸಿಎಲ್ ಕಡಿತ. ಇದರಲ್ಲಿ ನನ್ನನ್ನೂ ಸೇರಿಸಿ ಯಾರಿಗೂ ರಿಯಾಯಿತಿ ಇಲ್ಲ.

ಆಗುಂಬೆ, ಕೊಪ್ಪದ ಕಡೆಯಿಂದ ಬಸ್ಸಿಗೆ ಬರುವವರ ಕಷ್ಟ ಗೊತ್ತು. ಮರ ಬಿದ್ದು ದಾರಿ ಕಟ್ಟಿದರೆ, ಬಸ್ಸು ಕೆಟ್ಟು ನಿಂತರೆ 10 ಗಂಟೆಯೊಳಗೆ ಕಚೇರಿಯ ವಾಟ್ಸಾಪ್ ಗುಂಪಿಗೆ ಒಂದು ಸಾಲು ಹಾಕಿ. ಅದು ತಡದ ಲೆಕ್ಕಕ್ಕೆ ಬರುವುದಿಲ್ಲ. ಬಸ್ ಟಿಕೆಟಿನ ಫೋಟೊ ಎಲ್ಲ ಬೇಡ, ನಿಮ್ಮ ಮಾತು ಸಾಕು. ಎಳ್ಳಮಾವಾಸ್ಯೆ ಜಾತ್ರೆಯ ಮೂರೂ ದಿನ ಪೇಟೆಯೊಳಗೆ ಗಾಡಿ ನುಗ್ಗಿಸೋದೇ ಕಷ್ಟ. ಆ ದಿನಗಳಲ್ಲಿ 10:30ರವರೆಗೆ ಬರಬಹುದು.

ಸಾಲ ವಸೂಲಿಗೆ ಮನೆಯಿಂದ ನೇರವಾಗಿ ಹಳ್ಳಿಗೆ ಹೋಗುವವರು ಹಿಂದಿನ ಸಂಜೆಯೇ ಹೊರಸಂಚಾರ ಪುಸ್ತಕದಲ್ಲಿ ಊರಿನ ಹೆಸರು ಬರೆದಿಡಿ. ಕರೆಂಟ್ ಹೋಗಿ ಯಂತ್ರ ನಿಂತರೆ ಹಳೇ ಪುಸ್ತಕ ಗುಮಾಸ್ತರ ಮೇಜಿನ ಮೇಲೆ ಇರುತ್ತದೆ. ಆ ದಿನ ಮಾತ್ರ ಸಹಿ ಹಾಕಿ, ಹೊತ್ತು ಬರೆಯಿರಿ.

ಇನ್ನೊಂದು ಮಾತು. "ನಂದೂ ಒಂದು ಸಹಿ ಹಾಕಿಬಿಡು ಮಾರಾಯ" ಅನ್ನುವುದು ಇನ್ನು ನಡೆಯುವುದಿಲ್ಲ. ಯಾರು ಅಂತ ಇಲ್ಲಿ ಬರೆಯುವುದಿಲ್ಲ. ಅವರಿಗೂ ಗೊತ್ತು, ನಿಮಗೂ ಗೊತ್ತು.

ನವೆಂಬರ್ 27 ಮತ್ತು 28ರಂದು ಮಧ್ಯಾಹ್ನ 3ರಿಂದ 5ರವರೆಗೆ ಎಲ್ಲರೂ ಯಂತ್ರದಲ್ಲಿ ಮುಖ ದಾಖಲಿಸಬೇಕು. ಕನ್ನಡಕ ಹಾಕುವವರು ಹಾಕಿಕೊಂಡೇ ಬನ್ನಿ. ಈ ಚಿತ್ರಗಳು ಹಾಜರಿಗೆ ಮಾತ್ರ, ಬೇರೆ ಯಾವುದಕ್ಕೂ ಬಳಸುವುದಿಲ್ಲ. ಕೆಲಸ ಬಿಟ್ಟವರ ಚಿತ್ರ ಅಳಿಸುತ್ತೇವೆ.

ಓದಿದವರು ಈ ಹಾಳೆಯ ಹಿಂಬದಿಯಲ್ಲಿ ಸಹಿ ಮಾಡಿ. ನಿಮ್ಮದನ್ನು ನೀವೇ.

ಸಹಿ/-
ಕಾರ್ಯದರ್ಶಿ
(ಆಡಳಿತ ಮಂಡಳಿಯ ಒಪ್ಪಿಗೆಯಂತೆ)

ಪ್ರತಿ: ಅಧ್ಯಕ್ಷರಿಗೆ, ಗೋದಾಮು ಮೇಲ್ವಿಚಾರಕರಿಗೆ, ನೋಟಿಸ್ ಬೋರ್ಡಿಗೆ