ಅಮ್ಮನ ಮೊದಲ ವರ್ಷಾಂತಿಕದಂದು

ಬಂಧುಗಳೇ, ಊರಿನ ಹಿರಿಯರೇ,

ಕಳೆದ ಆಷಾಢದಲ್ಲಿ, ಅಮ್ಮ ಹೋದ ಹದಿಮೂರನೆಯ ದಿನ, ಇದೇ ಜಗಲಿಯಲ್ಲಿ ನಿಂತು ನಾನು ನಾಲ್ಕು ಮಾತನಾಡಿದ್ದೆ. ನಮ್ಮಮ್ಮ ಸಹನಾಮೂರ್ತಿ, ಯಾರಿಗೂ ಎದುರಾಡಿದವಳಲ್ಲ ಎಂದಿದ್ದೆ. ಯಾರೂ ತಕರಾರು ತೆಗೆಯಲಿಲ್ಲ. ಹಿಂದೆ ಕುಳಿತಿದ್ದ ದೊಡ್ಡಮ್ಮ ಮಾತ್ರ ಸೆರಗಿನ ಮರೆಯಲ್ಲಿ ನಕ್ಕಿದ್ದು ನನಗೆ ಕಂಡಿತ್ತು. ವರ್ಷ ತುಂಬಿದ ಈ ದಿನ ಆ ಮಾತನ್ನು ಹಿಂತೆಗೆದುಕೊಳ್ಳುತ್ತಿದ್ದೇನೆ.

ಮಾಸಿಕಕ್ಕೆಂದು ತಿಂಗಳಿಗೊಮ್ಮೆ ಬೆಂಗಳೂರಿನಿಂದ ಬರುತ್ತಿದ್ದ ನಾನು, ಐದನೆಯ ಮಾಸಿಕದ ಸಂಜೆ ಅಟ್ಟ ಗುಡಿಸುವಾಗ, ಬಾಳೆನಾರಿನಲ್ಲಿ ಬಿಗಿದಿಟ್ಟ ಹಳೆಯ ಗೋಡೆ ಕ್ಯಾಲೆಂಡರುಗಳ ಸುರುಳಿಯೊಂದನ್ನು ಕಂಡೆ. ಅವುಗಳ ಚೌಕಗಳಲ್ಲಿ ಅಮ್ಮ 31 ವರ್ಷಗಳ ಮನೆವಾರ್ತೆಯನ್ನು ಬರೆದಿಟ್ಟಿದ್ದಳು: ಹಸು ಕರು ಹಾಕಿದ ದಿನ, ಹೊಸ ಸಿಲಿಂಡರ್ ಹಚ್ಚಿದ ದಿನ, ಕೊನೆಗಾರನಿಗೆ ಕೊಟ್ಟ ಮುಂಗಡ, ನನ್ನ ಹಾಸ್ಟೆಲಿಗೆ ಕಳುಹಿಸಿದ ಹಣ. ನಡುನಡುವೆ ಒಂದೇ ಪದ, ಕೆಲವೊಮ್ಮೆ ಸತತ ಮೂರು ಚೌಕಗಳಲ್ಲಿ: 'ಮಾತಿಲ್ಲ'.

ಅಪ್ಪನೊಡನೆ ಮಾತಿಲ್ಲ ಎಂದರ್ಥ. ಅಪ್ಪನನ್ನೇ ಕೇಳಿದೆ, ಅವರು ಕನ್ನಡಕ ತೆಗೆದು ಒರೆಸಿಕೊಂಡು, "ಹೆಚ್ಚಿನವು ಮಳೆಗಾಲದವೇ ಇರಬೇಕು, ನೋಡು" ಎಂದರು. ಹೌದು, ಹಾಗೆಯೇ ಇತ್ತು. ಅಡಿಕೆ ತೋಟವುಳ್ಳ ನಿಮಗೆ ಕಾರಣ ಹೇಳಬೇಕಾಗಿಲ್ಲ. ಮಳೆ ಹಿಡಿಯುವ ಮೊದಲು ಮೈಲುತುತ್ತ, ಸುಣ್ಣ ಕಲಸಿ ಮೊದಲನೆಯ ಔಷಧಿ ಹೊಡೆಸಿದರೆ ಸಾಲದು, ಸುಮಾರು 40 ದಿನಗಳಿಗೆ ಎರಡನೆಯದೂ ಬೀಳದಿದ್ದರೆ ಕೊಳೆರೋಗ ಬಂದೇ ಬರುತ್ತದೆ ಎಂಬುದು ಅಮ್ಮನ ವಾದ. ಮಳೆ ಬಿಡಲಿ, ನೋಡೋಣ ಎಂಬುದು ಅಪ್ಪನ ಉತ್ತರ. ಅವರು ನೋಡುತ್ತಿರುವಷ್ಟರಲ್ಲಿ ಕಾಯಿ ಉದುರಿದ ವರ್ಷಗಳೂ ಆ ಚೌಕಗಳಲ್ಲಿವೆ, ಅಪ್ಪನ ಎಣಿಕೆ ಸರಿಯಾದ ಒಂದೆರಡು ವರ್ಷಗಳೂ ಇವೆ. ಅವನ್ನೂ ಅವಳು ಪ್ರಾಮಾಣಿಕವಾಗಿ ಬರೆದಿದ್ದಾಳೆ, ತುಸು ಸಣ್ಣ ಅಕ್ಷರದಲ್ಲಿ.

ಅಮ್ಮ ಹಟಮಾರಿ. ತಾನು ಹೇಳಿದ್ದೇ ಆಗಬೇಕೆನ್ನುವವಳು, ನನ್ನ ಮದುವೆಯ ಅಡುಗೆಯವರನ್ನು ಮುಹೂರ್ತಕ್ಕೆ ಎರಡು ದಿನವಿರುವಾಗ ಬದಲಾಯಿಸಿದವಳು. ಕಳೆದ ವರ್ಷ ದುಃಖದಲ್ಲಿ ನಾನು ಅವಳನ್ನು ಪಟದೊಳಗಿನ ದೇವಿಯಂತೆ ಸುಮ್ಮನೆ ಕೂರಿಸಿಬಿಟ್ಟಿದ್ದೆ. ನನಗೆ ಈಗ ನೆನಪಾಗುವುದು ಜಗಳಕ್ಕೆ ನಿಂತ ಅಮ್ಮ, ಅದರಲ್ಲೂ ಮಾತು ಬಿಟ್ಟ ದಿನಗಳಲ್ಲೂ ಅಪ್ಪನ ಕಾಫಿಯ ಲೋಟವನ್ನು ತುಸು ಹೆಚ್ಚೇ ಸದ್ದಾಗುವಂತೆ ಇಟ್ಟು ಹೋಗುತ್ತಿದ್ದ ಅಮ್ಮ.

ಆಸ್ಪತ್ರೆಗೆ ಹೊರಡುವ ಮುನ್ನ ಅವಳು ಕಳೆದ ವರ್ಷದ ಕ್ಯಾಲೆಂಡರಿನ ಆಗಸ್ಟ್ ಪುಟ ಮಗುಚಿ, ಹನ್ನೆರಡನೆಯ ತಾರೀಕಿನ ಚೌಕದಲ್ಲಿ 'ಎರಡನೇ ಔಷಧಿ' ಎಂದು ಬರೆದಿದ್ದಳು. ಆ ದಿನ ಬೆಳಿಗ್ಗೆಯೂ ಮೋಡ ಕವಿದಿತ್ತು. ಅಪ್ಪ ಆಕಾಶದ ಕಡೆ ನೋಡದೆ ಕೊನೆಗಾರನನ್ನು ಕರೆದುಕೊಂಡು ತೋಟಕ್ಕಿಳಿದರು.