ಸೇವಾ ಮುಕ್ತಾಯದ ಪೂರ್ತಿ ಲೆಕ್ಕ

ಬದಿಯಡ್ಕ, 20 ಜೂನ್ 2024
ಅಡಿಕೆ ಗ್ರೇಡಿಂಗ್ ಮೇಲ್ವಿಚಾರಕಿಯವರಿಗೆ
ಸೇವೆ: 3-10-2006 ರಿಂದ 15-6-2024 (ರಾಜೀನಾಮೆ)

ಅಕ್ಕಾ,

ಆಫೀಸಿನ ಇಂಗ್ಲಿಷ್ ಫಾರ್ಮ್ ಬೇರೆ ಇದೆ. ಮನೆಯಲ್ಲಿ ಕೂತು ನೀವೇ ತಾಳೆ ನೋಡಬೇಕೆಂದು ಇದನ್ನು ಕನ್ನಡದಲ್ಲಿ ಬರೆದಿದ್ದೇನೆ.

ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿ 15,600, ಮನೆ ಬಾಡಿಗೆ ಭತ್ಯೆ 1,400, ಒಟ್ಟು 17,000. ಜೂನ್‌ನಲ್ಲಿ 15 ದಿನಕ್ಕೆ 8,500.

ರಜೆ ಪುಸ್ತಕದಲ್ಲಿ ಮೊದಲು 36 ದಿನ ಅಂತ ಇತ್ತು. ಮಾರ್ಚ್‌ನ ಪುಟದಲ್ಲಿ ಪೆನ್ಸಿಲ್‌ನಲ್ಲಿ ಗುರುತು ಹಾಕಿದ 2 ದಿನ ನೀವು ರಜೆಯಲ್ಲಿರಲಿಲ್ಲ. ಪಟೋರ, ಕರಿಗೋಟು ಬೇರೆ ಮಾಡಿದ ಆ ದಿನಗಳ ತೂಕದ ಚೀಟಿಯಲ್ಲಿ ನಿಮ್ಮದೇ ಸಹಿ ಸಿಕ್ಕಿತು. ಹಾಗಾಗಿ 38 ದಿನ, ದಿನಕ್ಕೆ 600ರಂತೆ 22,800.

ಬೋನಸ್ ಎರಡು ಸೇರಿದೆ. 2023-24ರದ್ದು ಓಣಂ ಸಮಯಕ್ಕೆ ಕೊಡುವುದಿತ್ತು, ಈಗಲೇ ಕೊಡುತ್ತಿದ್ದೇವೆ: ವರ್ಷದ 1,80,000ಕ್ಕೆ ಶೇ. 8.33ರಂತೆ 14,994. ಈ ವರ್ಷ ಏಪ್ರಿಲ್‌ನಿಂದ ಜೂನ್ 15ರವರೆಗಿನ 39,000ಕ್ಕೆ 3,249. ಎರಡೂ ಸೇರಿ 18,243. ಮಧ್ಯದಲ್ಲಿ ಬಿಟ್ಟವರಿಗೆ ಈ ಎರಡನೆಯದು ತಪ್ಪಿಹೋಗುವುದುಂಟು. ಆದರೆ ವರ್ಷದಲ್ಲಿ 30 ದಿನ ದುಡಿದವರಿಗೆ ಅದು ಹಕ್ಕು.

ಗ್ರಾಚ್ಯುಟಿಗೆ ಬಾಡಿಗೆ ಭತ್ಯೆ ಸೇರುವುದಿಲ್ಲ. ನಿಮ್ಮ ಸೇವೆ 17 ವರ್ಷ 8 ತಿಂಗಳು. ಆರು ತಿಂಗಳು ದಾಟಿದ್ದರಿಂದ 18 ವರ್ಷ ಎಂದೇ ಹಿಡಿಯಬೇಕು:

15,600 × 15 ÷ 26 × 18 = 1,62,000

ಇನ್ನು ಕಡಿತ. ಜೂನ್‌ನ ಪಿಎಫ್ 936, ಇಎಸ್‌ಐ 64. ಮನೆಯ ಮಾಡು ರಿಪೇರಿಗೆ ಪಡೆದ ಮುಂಗಡದಲ್ಲಿ ಉಳಿದದ್ದು 6,000. ನೀವು ಬರೆದುಕೊಟ್ಟ ಒಪ್ಪಿಗೆಯಂತೆ ಅದನ್ನು ರಜೆ ಹಣದಿಂದ ಹಿಡಿದಿದ್ದೇವೆ. ಒಟ್ಟು 7,000. ಮುಂಗಡವನ್ನು ಗ್ರಾಚ್ಯುಟಿಯಲ್ಲಿ ವಜಾ ಮಾಡೋಣ ಎಂಬ ಮಾತು ಬಂದಿತ್ತು, ನಾನು ಒಪ್ಪಲಿಲ್ಲ. ಅದು 18 ವರ್ಷದ ದುಡಿಮೆಯ ಹಣ, ಸಾಲಕ್ಕೆಂದು ಅದಕ್ಕೆ ಕೈ ಹಾಕುವಂತಿಲ್ಲ. ನೋಟಿಸ್ ಅವಧಿಯಲ್ಲಿ ನೀವು ಪೂರ್ತಿ ಬಂದಿದ್ದೀರಿ, ಅದರ ಕಡಿತವಿಲ್ಲ. ಕೀಲಿಕೈ, ತೂಕದ ಪುಸ್ತಕ ಒಪ್ಪಿಸಿದ್ದು ಸರಿಯಾಗಿದೆ. ಆದಾಯ ತೆರಿಗೆ ಕಡಿತವೂ ಇಲ್ಲ.

ಸಂಬಳ 8,500
ರಜೆ ನಗದು 22,800
ಬೋನಸ್ 18,243
ಗ್ರಾಚ್ಯುಟಿ 1,62,000
ಒಟ್ಟು 2,11,543
ಕಡಿತ 7,000
ಕೈಗೆ ಬರುವುದು ರೂ. 2,04,543 (ಎರಡು ಲಕ್ಷದ ನಾಲ್ಕು ಸಾವಿರದ ಐನೂರ ನಲವತ್ತಮೂರು)

25 ಜೂನ್‌ಗೆ ನಿಮ್ಮ ಸಂಬಳದ ಖಾತೆಗೇ ಬೀಳುತ್ತದೆ. ಪಿಎಫ್ ಹಣ ಇದರಲ್ಲಿಲ್ಲ, ಅದಕ್ಕೆ ಫಾರ್ಮ್ 19 ಹಾಕಬೇಕು. ಸೇವೆ 10 ವರ್ಷ ದಾಟಿರುವುದರಿಂದ ಪಿಂಚಣಿ ಭಾಗವನ್ನು ಹಿಂದೆ ಪಡೆಯಲು ಬರುವುದಿಲ್ಲ. 58 ತುಂಬಿದಾಗ ಪಿಂಚಣಿಯಾಗಿ ಬರುತ್ತದೆ.

ಯಾವುದಾದರೂ ಅಂಕಿ ಸರಿ ಕಾಣದಿದ್ದರೆ ಸೋಮವಾರದೊಳಗೆ ಬನ್ನಿ, ಪುಸ್ತಕ ತೆರೆದಿಟ್ಟಿರುತ್ತೇನೆ. ಸರಿಯಿದ್ದರೆ ಎರಡು ಪ್ರತಿಗೂ ಸಹಿ ಹಾಕಿ, ಒಂದನ್ನು ನೀವೇ ಇಟ್ಟುಕೊಳ್ಳಿ.

ಲೆಕ್ಕಪತ್ರ ವಿಭಾಗ